ಗಡಿಯಲ್ಲಿ ಒಂದು ಮಾತು, ಕೋರ್ಟಿನಲ್ಲಿ ಇನ್ನೊಂದು ಮಾತು

ಪ್ರಶ್ನೆ: ನನ್ನ ಕಸಿನ್ ಅಮೆರಿಕದ ಗಡಿಯಲ್ಲಿ ಸಿಕ್ಕಿಬಿದ್ದು ಡಿಟೆನ್ಷನ್‌ನಲ್ಲಿ ಇದ್ದಾನೆ. ಕ್ರೆಡಿಬಲ್ ಫಿಯರ್ ಇಂಟರ್‌ವ್ಯೂ ಇದೆಯಂತೆ. ಅದು ಪಾಸಾದ್ರೆ ಅಸೈಲಂ ಸಿಕ್ಕಂತೆನಾ? ಗಡಿಯಲ್ಲಿ ಗಾಬರಿಯಲ್ಲಿ ಏನೇನೋ ಹೇಳಿದ್ದಾನೆ, ಅದರಿಂದ ತೊಂದ್ರೆ ಆಗುತ್ತಾ?

ಅಸೈಲಂ, ಅಂದರೆ ಅಲ್ಲಿ ಆಶ್ರಯ, ಸಿಕ್ಕಂತೆ ಅಲ್ಲ, ಬಾಗಿಲು ತೆರೆದಂತೆ ಅಷ್ಟೇ. ನಾನು ವಕೀಲನಲ್ಲ. ಇಲ್ಲಿ ಅಮೆರಿಕದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಕೆಲವು ವರ್ಷ ಕನ್ನಡದವರ ಹೇಳಿಕೆಗಳನ್ನು ಇಂಗ್ಲಿಷಿಗೆ ಬರೆದುಕೊಡುತ್ತಿದ್ದೆ. ಆ ಅನುಭವದಿಂದ ಹೇಳುತ್ತೇನೆ.

ಗಡಿಯಲ್ಲಿ ಸಿಕ್ಕವರನ್ನು ಜಡ್ಜ್ ಮುಂದೆ ನಿಲ್ಲಿಸದೆಯೇ ವಾಪಸ್ ಕಳಿಸುವ ಅಧಿಕಾರವನ್ನು 1996ರ ಕಾನೂನು ಅಧಿಕಾರಿಗಳಿಗೆ ಕೊಟ್ಟಿದೆ. 'ವಾಪಸ್ ಹೋಗೋಕೆ ಭಯ' ಅಂತ ಹೇಳಿದವರಿಗೆ ಮಾತ್ರ ಈ ಇಂಟರ್‌ವ್ಯೂ. ಅಸೈಲಂ ಅಧಿಕಾರಿ ಹೆಚ್ಚಾಗಿ ಫೋನಿನಲ್ಲೇ, ದುಭಾಷಿ ಇಟ್ಟುಕೊಂಡು ಮಾತಾಡುತ್ತಾರೆ. ಮುಂದೆ ಪೂರ್ತಿ ವಿಚಾರಣೆ ನಡೆದರೆ ಇವನು ಗೆಲ್ಲುವ ಗಣನೀಯ ಸಾಧ್ಯತೆ ಇದೆಯಾ ಅಂತ ಮಾತ್ರ ನೋಡುತ್ತಾರೆ. ಇಲ್ಲ ಅಂದರೆ ಜಡ್ಜ್ ಒಮ್ಮೆ ಪರಿಶೀಲಿಸಲಿ ಅಂತ ಕೇಳಬಹುದು. ಅದನ್ನು ಬಾಯಿಬಿಟ್ಟು ಕೇಳಲು ಹೇಳಿ. ಗಡಿಯ ನಿಯಮಗಳು ಸರ್ಕಾರ ಬದಲಾದಾಗೆಲ್ಲ ಬದಲಾಗುತ್ತವೆ, ಹಾಗಾಗಿ ಇವತ್ತಿನ ಸ್ಥಿತಿಯನ್ನು ಇಮಿಗ್ರೇಷನ್ ವಕೀಲರಿಂದಲೇ ತಿಳಿದುಕೊಳ್ಳಿ.

ಭಯ ಅಂದರೆ ಎಂಥ ಭಯವಾದರೂ ನಡೆಯಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಅಥವಾ ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ಈ ಐದರಲ್ಲಿ ಒಂದರ ಕಾರಣಕ್ಕೆ ಹಿಂಸೆ ಆಗಿರಬೇಕು, ಇಲ್ಲವೇ ಆಗುವ ಭಯ ಇರಬೇಕು. ಸಾಲಗಾರರ ಕಾಟ, ಕೆಲಸ ಇಲ್ಲದ್ದು ಇದರಲ್ಲಿ ಬರಲ್ಲ. ಭಾರತದವರಿಗೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: 'ಊರು ಬಿಟ್ಟು ಮುಂಬೈಗೋ ದೆಹಲಿಗೋ ಹೋಗಿ ಇರಬಹುದಿತ್ತಲ್ವಾ?' ಅದಕ್ಕೆ ಉತ್ತರ ಇಲ್ಲದೆ ಕೇಸುಗಳು ಬಿದ್ದುಹೋಗುತ್ತವೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನಿಜವಾದ ತಲೆನೋವು ಇಲ್ಲೇ ಇರುವುದು. ನಿಮ್ಮ ಕಸಿನ್‌ನ ಕಥೆ ಒಂದು ಕಡೆ ಅಲ್ಲ, ನಾಲ್ಕು ಕಡೆ ದಾಖಲಾಗುತ್ತದೆ. ಗಡಿಯ ಅಧಿಕಾರಿ ಬರೆದುಕೊಂಡದ್ದು, ಈ ಇಂಟರ್‌ವ್ಯೂನ ಟಿಪ್ಪಣಿ, ಆಮೇಲೆ ಅಸೈಲಂ ಕೇಳಿ ತುಂಬುವ ಐ-589 ಅರ್ಜಿ, ಕೊನೆಗೆ ಕೋರ್ಟಿನಲ್ಲಿ ಬಾಯಲ್ಲಿ ಹೇಳುವುದು. ಸರ್ಕಾರದ ವಕೀಲರು ನಾಲ್ಕನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂರುತ್ತಾರೆ. 2005ರ ಕಾನೂನಿನ ಪ್ರಕಾರ, ವ್ಯತ್ಯಾಸ ಕೇಸಿನ ಮುಖ್ಯ ವಿಷಯಕ್ಕೆ ಸಂಬಂಧಿಸಿರದಿದ್ದರೂ ಜಡ್ಜ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ನಮ್ಮ ಭಾಷೆಯೇ ಹೇಗೆ ಕೈಕೊಡುತ್ತದೆ ನೋಡಿ. ಉದಾಹರಣೆಗೆ ಅಂದುಕೊಳ್ಳಿ, ಜಾತಿ ಬಿಟ್ಟು ಮದುವೆಯಾದ ಹುಡುಗನೊಬ್ಬ ಇಂಟರ್‌ವ್ಯೂನಲ್ಲಿ, 'ದೀಪಾವಳಿ ಆದ ಮೇಲೆ ಹೆಂಡತಿಯ ಚಿಕ್ಕಪ್ಪ ಬಂದ್ರು, ಹೊಡೆದ್ರು, ನಮ್ಮಣ್ಣ ಬಿಡಿಸಿದ' ಅಂತಾನೆ. ದುಭಾಷಿ 'ಅಣ್ಣ' ಅಂದದ್ದನ್ನು ಒಡಹುಟ್ಟಿದವನು ಅಂತ ಹೇಳುತ್ತಾರೆ. ಆದರೆ ಅವನು ದೊಡ್ಡಪ್ಪನ ಮಗ. ಅರ್ಜಿಯಲ್ಲಿ ಅಣ್ಣತಮ್ಮಂದಿರು ಇಲ್ಲ ಅಂತ ಇರುತ್ತದೆ. 'ಬಂದ್ರು, ಹೊಡೆದ್ರು' ಅಂದದ್ದು ಗೌರವಕ್ಕೆ, ಟಿಪ್ಪಣಿಯಲ್ಲಿ ಅದು ಹಲವರು ಹೊಡೆದರು ಅಂತಾಗುತ್ತದೆ. ಇನ್ನು ದೀಪಾವಳಿ ಒಂದು ವರ್ಷ ಅಕ್ಟೋಬರಿನಲ್ಲಿ, ಇನ್ನೊಂದು ವರ್ಷ ನವೆಂಬರಿನಲ್ಲಿ. ಅವನು ಅಂದಾಜಿನಲ್ಲಿ ಅಕ್ಟೋಬರ್ ಅಂದಿರುತ್ತಾನೆ, ಆಸ್ಪತ್ರೆಯ ಚೀಟಿ ನವೆಂಬರ್ 18 ಅನ್ನುತ್ತದೆ. ಒಂದೂ ಸುಳ್ಳಲ್ಲ. ಆದರೆ ಮೂರೂ ಸೇರಿದರೆ ಸುಳ್ಳಿನ ಹಾಗೆ ಕಾಣುತ್ತದೆ.

ಹಾಗಾಗಿ 'ನನ್ನ ದೊಡ್ಡಪ್ಪನ ಮಗ', 'ಒಬ್ಬರೇ ಬಂದರು' ಅಂತ ಬಿಡಿಸಿ ಹೇಳಲು ಹೇಳಿ. ತಾರೀಖು ನೆನಪಿಲ್ಲದಿದ್ದರೆ 'ದೀಪಾವಳಿ ಆಗಿ ಒಂದೆರಡು ವಾರ, ತಾರೀಖು ಗೊತ್ತಿಲ್ಲ' ಅಂದರೆ ಸಾಕು, ಸುಮ್ನೆ ಊಹಿಸಬಾರದು. ದುಭಾಷಿಯ ಮಾತು ಅರ್ಥವಾಗದಿದ್ದರೆ ಅಲ್ಲೇ ನಿಲ್ಲಿಸಿ ಹೇಳಬೇಕು. ಇಂಟರ್‌ವ್ಯೂ ಮುಗಿಯುವಾಗ ಅಧಿಕಾರಿ ಸಾರಾಂಶ ಓದಿ ಹೇಳುತ್ತಾರೆ. ಸುಸ್ತಾಗಿ ಎಲ್ಲರೂ 'ಹೂಂ' ಅಂದುಬಿಡುತ್ತಾರೆ. ತಪ್ಪು ತಿದ್ದಿಸಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಗಡಿಯಲ್ಲಿ 'ಕೆಲಸಕ್ಕೆ ಬಂದೆ' ಅಂದಿದ್ದಾನಾ? ಅದನ್ನು ಮುಚ್ಚಿಡುವುದು ಬೇಡ. ಆತುರದಲ್ಲಿ ಬರೆದ ಆ ಹೇಳಿಕೆಗೆ ಜಡ್ಜ್‌ಗಳು ಕೆಲವೊಮ್ಮೆ ಕಡಿಮೆ ತೂಕ ಕೊಡುತ್ತಾರೆ, ಆದರೆ ಯಾಕೆ ಹಾಗೆ ಹೇಳಿದೆ ಅನ್ನುವುದು ಅವನ ಬಾಯಿಂದಲೇ ಮೊದಲು ಬರಬೇಕು. ಏಜೆಂಟ್ ಹೇಳಿಕೊಟ್ಟ ಕಥೆಯನ್ನಂತೂ ಮುಟ್ಟಬೇಡಿ. ಗೊತ್ತಿದ್ದೂ ಕಟ್ಟುಕಥೆಯ ಅರ್ಜಿ ಹಾಕಿದ್ದು ಸಾಬೀತಾದರೆ ಮುಂದೆ ಇಮಿಗ್ರೇಷನ್ ಸೌಲಭ್ಯಗಳ ದಾರಿ ಶಾಶ್ವತವಾಗಿ ಮುಚ್ಚಬಹುದು.

ನೀವು ಊರಿನಲ್ಲಿದ್ದುಕೊಂಡು ಮಾಡುವ ಕೆಲಸ ಒಂದಿದೆ. ಪೊಲೀಸ್ ದೂರಿನ ಪ್ರತಿ, ಆಸ್ಪತ್ರೆ ಚೀಟಿ, ಬೆದರಿಕೆಯ ವಾಟ್ಸಾಪ್ ಮೆಸೇಜುಗಳನ್ನು ತಾರೀಖು ಕಾಣುವ ಹಾಗೆ ತೆಗೆದಿಡಿ. ನಿಮ್ಮ ಮನೆಯವರು ಪತ್ರ ಬರೆಯುವುದಾದರೆ ತಾವು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಲಿ. ಐದು ಪತ್ರದಲ್ಲೂ ಒಂದೇ ವಾಕ್ಯ ಇದ್ದರೆ ಯಾರೋ ಕೂತು ಬರೆಸಿದ್ದು ಅಂತ ಕೋರ್ಟಿಗೆ ತಕ್ಷಣ ಗೊತ್ತಾಗುತ್ತದೆ.