ಗುರಿ ನಾಲ್ಕು ದಿಕ್ಕಿಗೆ ಅಂಟಿಕೊಂಡರೆ ಮೊದಲು ಡೆಡ್ ಝೋನ್ ನೋಡಿ

ಪ್ರಶ್ನೆ: ಟ್ವಿನ್-ಸ್ಟಿಕ್ ಶೂಟರ್ ಮಾಡುತ್ತಿದ್ದೇನೆ. ಬಲಗಡೆ ಸ್ಟಿಕ್‌ನಲ್ಲಿ ಗುರಿ ಇಟ್ಟರೆ ಅದು ಮೇಲೆ, ಕೆಳಗೆ, ಎಡ, ಬಲಕ್ಕೇ ಅಂಟಿಕೊಳ್ಳುತ್ತದೆ. ಸ್ಟಿಕ್ ಬಿಟ್ಟರೆ ಒಮ್ಮೊಮ್ಮೆ ಉಲ್ಟಾ ತಿರುಗುತ್ತದೆ. ಸ್ಮೂದಿಂಗ್, ಏಮ್ ಅಸಿಸ್ಟ್ ಎರಡೂ ಹಾಕಿದೆ, ಸರಿಹೋಗಲಿಲ್ಲ. ಏನು ಮಾಡಲಿ?

ಎರಡನ್ನೂ ಸದ್ಯಕ್ಕೆ ಆಫ್ ಮಾಡಿ. ನೀವು x, y ಎರಡಕ್ಕೂ ಬೇರೆ ಬೇರೆ ಡೆಡ್ ಝೋನ್ ಹಾಕಿದ್ದೀರಿ ಅನ್ನಿಸುತ್ತದೆ. ಅದು 0.25 ಅಂದುಕೊಳ್ಳಿ. ಆಟಗಾರ ಸ್ಟಿಕ್ಕನ್ನು (0.95, 0.20) ಕಡೆಗೆ ತಳ್ಳಿದ್ದಾನೆ, ಅಂದರೆ ಸುಮಾರು 12 ಡಿಗ್ರಿ. y 0.25ಕ್ಕಿಂತ ಕಡಿಮೆ ಇರುವುದರಿಂದ ಸೊನ್ನೆಯಾಗುತ್ತದೆ, ಗುಂಡು ನೇರ ಬಲಕ್ಕೆ ಹೋಗುತ್ತದೆ. ಸ್ಟಿಕ್ ಪೂರ್ತಿ ತಳ್ಳಿದ್ದರೂ ಪ್ರತಿ ಅಕ್ಷದ ಎರಡೂ ಪಕ್ಕ 14 ಡಿಗ್ರಿಯಷ್ಟು ಜಾಗಕ್ಕೆ ಗುರಿಯೇ ಇಡೋಕಾಗಲ್ಲ. ಸ್ಮೂದಿಂಗ್ ಹಾಕಿದರೆ ಆ ತಪ್ಪು ದಿಕ್ಕಿಗೇ ನಿಧಾನವಾಗಿ ತಿರುಗುತ್ತದೆ, ಅಷ್ಟೇ.

ಹಾಗಾಗಿ x, y ಎರಡನ್ನೂ ಸೇರಿಸಿ ಉದ್ದ ಅಳೆಯಿರಿ. ಗುರಿ ಇಡುವ ಸ್ಟಿಕ್‌ನಲ್ಲಿ ನಮಗೆ ಬೇಕಿರುವುದು ದಿಕ್ಕು ಮಾತ್ರ ಅಲ್ವಾ? ಅದಕ್ಕೆ ಮಿತಿಯನ್ನು ಧಾರಾಳವಾಗಿ ಇಡಬಹುದು:

```
m = length(x, y)
if m > 0.6: aiming = true
if m < 0.5: aiming = false
if aiming: dir = (x/m, y/m)
```

ಎರಡು ಮಿತಿ ಯಾಕೆ ಅಂದರೆ, ಒಂದೇ ಇದ್ದರೆ ಅದರ ಅಂಚಿನಲ್ಲಿ ಗುಂಡು ಹಾರುವುದು, ನಿಲ್ಲುವುದು ಪಟಪಟ ಅಂತ ಬದಲಾಗುತ್ತದೆ. ಬೆರಳು ತೆಗೆದಾಗ ಸ್ಪ್ರಿಂಗ್ ಸ್ಟಿಕ್ಕನ್ನು ನಡುವಿನಿಂದ ಆಚೆಗೂ ಸ್ವಲ್ಪ ಎಸೆಯುತ್ತದೆ. ನಿಮ್ಮ ಗುರಿ ಉಲ್ಟಾ ಹೋಗುವುದು ಇದರಿಂದಲೇ. ಆ ಎಸೆತ ಸಾಮಾನ್ಯವಾಗಿ 0.6 ಮುಟ್ಟುವುದಿಲ್ಲ, ಹಾಗಾಗಿ dir ಹಳೆಯದೇ ಉಳಿಯುತ್ತದೆ. ಓಡುವ ಸ್ಟಿಕ್‌ಗೆ ಇದನ್ನು ಹಾಕಬೇಡಿ. ಅಲ್ಲಿ ಮೆಲ್ಲಗೆ ನಡೆಯುವುದೂ ಬೇಕು, 0.2 ಸಾಕು, ಮಿಕ್ಕ ಭಾಗವನ್ನು `(m-0.2)/(1-0.2)` ಅಂತ ಹಿಗ್ಗಿಸಿ.

ಇಷ್ಟಾದ ಮೇಲೂ ಗುರಿ ನಡುಗಿದರೆ ಸ್ಮೂದಿಂಗ್ ಸೇರಿಸಿ. ಪ್ರತಿ ಫ್ರೇಮ್‌ಗೂ ಒಂದೇ ಪಾಲು ಸರಿಸಿದರೆ 144 ಫ್ರೇಮ್‌ನ ಪರದೆಯಲ್ಲಿ ಒಂಥರ, 60ರಲ್ಲಿ ಇನ್ನೊಂಥರ. ಪಾಲನ್ನು `1 - exp(-20*dt)` ಮಾಡಿ. ಆಗ ಎಲ್ಲಿ ಆಡಿದರೂ 50 ಮಿಲಿಸೆಕೆಂಡಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ದೂರ ತಲುಪುತ್ತದೆ. ಕೋನದ ವ್ಯತ್ಯಾಸವನ್ನು -180ರಿಂದ 180ರ ಒಳಗೆ ತನ್ನಿ, ಇಲ್ಲದಿದ್ದರೆ 179ರಿಂದ -179ಕ್ಕೆ ಹೋಗಲು ಗುರಿ ಪೂರ್ತಿ ಸುತ್ತು ಹೊಡೆಯುತ್ತದೆ. ವ್ಯತ್ಯಾಸ 60 ಡಿಗ್ರಿ ದಾಟಿದರೆ ಸ್ಮೂದಿಂಗ್ ಬಿಟ್ಟು ನೇರ ತಿರುಗಿಸಿ. ಹಿಂದಿನಿಂದ ಬಂದವನ ಕಡೆ ಆಟಗಾರ ಬೇಕಂತಲೇ ತಿರುಗಿದ್ದಾನೆ, ಕಾಯಿಸುವುದು ಸರಿಯಲ್ಲ.

ಏಮ್ ಅಸಿಸ್ಟ್ ಕೊನೆಗೆ. dir ಅನ್ನು ಮುಟ್ಟಬೇಡಿ, ಹಾರುವ ಗುಂಡಿನ ದಿಕ್ಕನ್ನಷ್ಟೇ ಬಗ್ಗಿಸಿ. ತಿದ್ದಿದ ದಿಕ್ಕನ್ನು dir ಒಳಗೆ ಬರೆದರೆ ಮುಂದಿನ ಫ್ರೇಮ್‌ನಲ್ಲಿ ಸ್ಮೂದಿಂಗ್ ಅಲ್ಲಿಂದಲೇ ಶುರುವಾಗಿ ಗುರಿ ಶತ್ರುವಿಗೆ ಮೆತ್ತಿಕೊಳ್ಳುತ್ತದೆ. ನಾನು ಎರಡೂ ಪಕ್ಕ 7 ಡಿಗ್ರಿ ಒಳಗಿನ ಶತ್ರುವನ್ನು ಹುಡುಕಿ, ಅವನ ಕಡೆ ಅರ್ಧದಷ್ಟು ಬಗ್ಗಿಸುತ್ತೇನೆ. ಇಬ್ಬರು ಅಕ್ಕಪಕ್ಕ ಇದ್ದರೆ ಗುಂಡುಗಳು ಒಮ್ಮೆ ಇವನಿಗೆ, ಒಮ್ಮೆ ಅವನಿಗೆ ಅಂತ ಹಂಚಿಹೋಗುತ್ತವೆ. ಹೊಸಬ ಗುರಿಗೆ ಹಳೆಯವನಿಗಿಂತ 3 ಡಿಗ್ರಿಯಾದರೂ ಹತ್ತಿರ ಬರುವ ತನಕ ಹಳೆಯವನನ್ನೇ ಹಿಡಿದಿರಿ.