ನಂದಾದೀಪವನ್ನು ಗೂಡಿನಿಂದ ಕೆಳಗಿಳಿಸಿ

ಸಂಪಾದಕರಿಗೆ ನಮಸ್ಕಾರ. ಮೈಸೂರಿನಲ್ಲಿ ನಮ್ಮದು ಎರಡು ಕೋಣೆಯ ಫ್ಲ್ಯಾಟ್. ದೇವರ ಮನೆಯೆಂದರೆ ಹಜಾರದ ಗೋಡೆಯಲ್ಲಿ ಪ್ಲೈವುಡ್‌ನಿಂದ ಮಾಡಿಸಿದ ಗೂಡು, ಅದಕ್ಕೊಂದು ಪರದೆ. ಈ ಸಲ ನವರಾತ್ರಿಗೆ ಒಂಬತ್ತು ದಿನವೂ ನಂದಾದೀಪ ಇಡಬೇಕೆಂದು ಅತ್ತೆಯವರ ಆಸೆ. ಮಗನಿಗೆ ಎರಡು ವರ್ಷ, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುತ್ತಾನೆ. ಕಳೆದ ವಾರ ಊದುಬತ್ತಿಯ ಕಿಡಿ ಬಿದ್ದು ಪರದೆ ತೂತಾಯಿತು. ಅಂದಿನಿಂದ ನನಗೆ ಭಯ. ಅತ್ತೆಯವರ ಮನಸ್ಸು ನೋಯಿಸದೆ ಏನು ಮಾಡಲಿ?
— ಓದುಗರೊಬ್ಬರು, ಮೈಸೂರು

ಸೋದರಿ,

ಆ ಪರದೆಯನ್ನು ಇನ್ನೂ ಎಸೆದಿಲ್ಲವಾದರೆ ತೂತಿನ ಅಂಚನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ. ಸಣ್ಣ ಮಣಿ ಪೋಣಿಸಿದಂತೆ ಗಟ್ಟಿಯಾಗಿ ತಗುಲಿದರೆ ಅದು ಪಾಲಿಯೆಸ್ಟರ್ ಬಟ್ಟೆ. ಕಿಡಿ ಬಿದ್ದ ಜಾಗದಲ್ಲಿ ಕರಗಿ ನಿಂತುಬಿಟ್ಟಿದೆ. ಅಂಚು ಮೆತ್ತಗಿದ್ದು, ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತಿದ್ದರೆ ಅದು ಹತ್ತಿ. ಹತ್ತಿ ಕರಗುವುದಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ಒಳಗೊಳಗೇ ಸುಡುತ್ತಾ ಹೋಗುತ್ತದೆ, ಪೂಜೆ ಮುಗಿಸಿ ಎಲ್ಲರೂ ಊಟಕ್ಕೆ ಕುಳಿತ ಮೇಲೆ ಗಾಳಿ ತಾಗಿ ಜ್ವಾಲೆಯಾಗಬಹುದು. ಹಾಗೆಂದು ಪಾಲಿಯೆಸ್ಟರ್ ಒಳ್ಳೆಯದೆಂದು ತಿಳಿಯಬೇಡಿ. ಕಿಡಿಗೆ ತೂತಾಗಿ ಸುಮ್ಮನಾಗುವ ಅದೇ ಬಟ್ಟೆ ದೀಪದ ಜ್ವಾಲೆ ತಾಗಿದರೆ ಉರಿಯುತ್ತಾ ಹನಿಹನಿಯಾಗಿ ಕೆಳಗೆ ತೊಟ್ಟಿಕ್ಕುತ್ತದೆ, ಚರ್ಮಕ್ಕೆ ಬಿದ್ದರೆ ಅಂಟಿಕೊಳ್ಳುತ್ತದೆ. ಆದ್ದರಿಂದ ನವರಾತ್ರಿಯ ಮಟ್ಟಿಗೆ ಪರದೆಯನ್ನು ಬಿಚ್ಚಿ ಒಳಗಿಡಿ. ಪಕ್ಕಕ್ಕೆ ಸರಿಸಿ ದಾರ ಕಟ್ಟಿದರೆ ಸಾಕೆನಿಸುತ್ತದೆ, ಸಾಲದು. ಫ್ಯಾನ್ ತಿರುಗಿದರೆ, ಮಗು ಎಳೆದರೆ, ಅದು ಮತ್ತೆ ದೀಪದ ಮುಂದಕ್ಕೇ ಬರುತ್ತದೆ.

ಪರದೆಗಿಂತ ನನಗೆ ಹೆಚ್ಚು ಚಿಂತೆಯಾದದ್ದು ನಿಮ್ಮ ಪ್ಲೈವುಡ್ ಗೂಡು. ದೀಪದ ಬಿಸಿ ಪಕ್ಕಕ್ಕೆ ಹರಡುವುದು ಕಡಿಮೆ, ಬಹುಪಾಲು ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಬೆಳಗ್ಗೆ ಅರ್ಧ ಗಂಟೆ ಹಚ್ಚಿ ಶಾಂತ ಮಾಡುವ ದೀಪಕ್ಕೆ ಗೂಡಿನ ಮೇಲ್ಹಲಗೆ ತಡೆದುಕೊಂಡೀತು. ಒಂಬತ್ತು ಹಗಲು, ಒಂಬತ್ತು ರಾತ್ರಿ ಒಂದೇ ಜಾಗಕ್ಕೆ ಬಿಸಿ ಬಡಿದರೆ ಮರ ಒಳಗೇ ಬೆಂದು, ಮೊದಲಿಗಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುವಂತಾಗುತ್ತದೆ. ಈಗಲೇ ಪರೀಕ್ಷಿಸಬಹುದು. ದೀಪ ಇಡುವ ಜಾಗಕ್ಕೆ ನೇರ ಮೇಲೆ, ಹಲಗೆಯ ಕೆಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಕಪ್ಪೆಲ್ಲ ಬಟ್ಟೆಗೆ ಬಂದು ಹಲಗೆ ಮೊದಲಿನ ಬಣ್ಣಕ್ಕೆ ಮರಳಿದರೆ ಅದು ಬರೀ ಮಸಿ. ಒರೆಸಿದ ಮೇಲೂ ಕಂದು ಕಲೆ ಉಳಿದರೆ, ಅಥವಾ ಮೇಲಿನ ಹಾಳೆ ಉಬ್ಬಿ ಗುಳ್ಳೆ ಎದ್ದಿದ್ದರೆ, ಮರ ಸುಡಲು ಆರಂಭಿಸಿದೆ. ಅಂಥ ಗೂಡಿನಲ್ಲಿ ಅರ್ಧ ಗಂಟೆಯ ದೀಪವೂ ಬೇಡ.

ದೀಪದ ಸುತ್ತ ಒಂದು ಅಡಿ, ಮೇಲೆ ಮೂರು ಅಡಿ, ಇಷ್ಟರೊಳಗೆ ಹೊತ್ತಿಕೊಳ್ಳುವಂಥದ್ದು ಏನೂ ಇರಬಾರದು. ಇದೊಂದು ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಬಹಳಷ್ಟು ವಿಷಯ ತಾನಾಗಿ ತೀರ್ಮಾನವಾಗುತ್ತದೆ. ಗೋಡೆಯ ಗೂಡಿನಲ್ಲಿ ಮೂರು ಅಡಿ ಎತ್ತರ ಸಿಗುವುದು ಅಪರೂಪ. ಹಾಗಾಗಿ ದೇವರು ಗೂಡಿನಲ್ಲೇ ಇರಲಿ, ನಂದಾದೀಪ ಮಾತ್ರ ಕೆಳಗಿಳಿಯಲಿ.

ಮೇಲಿನ ಮಾತನ್ನು ನಾನು ಓದಿ ಮಾತ್ರ ಹೇಳುತ್ತಿಲ್ಲ. ನಮ್ಮ ಮನೆಯಲ್ಲೇ ಒಂದು ದೀಪಾವಳಿಯಲ್ಲಿ ನಡೆದದ್ದನ್ನು ಕೇಳಿ. ಪಟಕ್ಕೆ ಹಾಕಿದ್ದ ಸೇವಂತಿಗೆ ಹಾರ ಮೂರು ದಿನದ್ದು. ಹಬ್ಬದ ಗಡಿಬಿಡಿಯಲ್ಲಿ ಯಾರೂ ತೆಗೆದಿರಲಿಲ್ಲ. ಬಾಳೆನಾರಿನಲ್ಲಿ ಕಟ್ಟಿದ ಹಾರ. ತಾಜಾ ಹೂವಿನಲ್ಲಿ ನೀರಿರುತ್ತದೆ, ಉರಿ ತಾಗಿದರೆ ಬಾಡುತ್ತದೆಯೇ ಹೊರತು ಹೊತ್ತುವುದಿಲ್ಲ. ಮೂರು ದಿನಕ್ಕೆ ದಳಗಳು ಕಾಗದವಾಗಿದ್ದವು, ನಾರು ಒಣಗಿ ಸೆಟೆದುಕೊಂಡಿತ್ತು. ಹಾರದ ತುದಿ ದೀಪಕ್ಕಿಂತ ಒಂದು ಗೇಣು ಮೇಲೆ ತೂಗುತ್ತಿತ್ತು. ಸಣ್ಣದೊಂದು ಕೆಂಪು ಗೆರೆ ನಾರಿನಗುಂಟ ಮೇಲೇರುವುದನ್ನು ನಾನು ಕಣ್ಣಾರೆ ಕಂಡೆ. ಎದ್ದು ಹತ್ತಿರ ಹೋಗುವಷ್ಟರಲ್ಲಿ ನಾರು ತುಂಡಾಗಿ ಅರ್ಧ ಹಾರ ದೀಪದ ಮೇಲೆ ಬಿತ್ತು, ದೀಪ ಮಗುಚಿತು. ಎಣ್ಣೆ ಬರಿಯ ಕಲ್ಲಿನ ಮೇಲೆ ಚೆಲ್ಲಿದ್ದರೆ ಅಷ್ಟು ಸುಲಭವಾಗಿ ಹೊತ್ತುತ್ತಿರಲಿಲ್ಲ. ಆದರೆ ಗೂಡಿಗೆ ನಾವು ಹಳೆಯ ಪತ್ರಿಕೆ ಹಾಸಿದ್ದೆವು. ಎಣ್ಣೆ ಇಂಗಿದ ಕಾಗದ ಬತ್ತಿಯೇ ಅಲ್ಲವೇ? ಇಡೀ ಹಾಳೆ ಒಂದು ಬತ್ತಿಯಾಗಿ ಉರಿಯಿತು. ನಾನು ನೀರಿಗೆ ಓಡಿದೆ. ಅಮ್ಮ ಅಡುಗೆಮನೆಯಿಂದ ದೊಡ್ಡ ಸ್ಟೀಲ್ ತಟ್ಟೆ ತಂದು ಬೋರಲು ಹಾಕಿ ಒತ್ತಿ ಹಿಡಿದರು. ಅವರು ಮಾಡಿದ್ದೇ ಸರಿ. ಉರಿಯುವ ಎಣ್ಣೆಗೆ ನೀರು ಸುರಿದಿದ್ದರೆ ಅದು ಸಿಡಿದು ಗೋಡೆಯವರೆಗೂ ಬೆಂಕಿ ಹಾರುತ್ತಿತ್ತು.

ಅಂದಿನಿಂದ ನಮ್ಮಲ್ಲಿ ಹಾರ ಪಟದ ಚೌಕಟ್ಟಿನ ಮೇಲ್ಭಾಗಕ್ಕಷ್ಟೇ, ಇಳಿಬಿಡುವುದಿಲ್ಲ. ಸಂಜೆಯ ದೀಪ ಹಚ್ಚುವ ಮುಂಚೆ ಬೆಳಗಿನ ನಿರ್ಮಾಲ್ಯ ತೆಗೆದಾಗಿರಬೇಕು. ಗೂಡಿನಲ್ಲಿ ಕಾಗದವಿಲ್ಲ, ಜರಿ ವಸ್ತ್ರವಿಲ್ಲ, ಪ್ಲಾಸ್ಟಿಕ್ ತೋರಣವಿಲ್ಲ. ನೀವು ಗೊಂಬೆ ಕೂರಿಸುವವರಾದರೆ ಮೆಟ್ಟಿಲಿಗೆ ಹಾಸುವ ಬಿಳಿ ಪಂಚೆಯ ಮೇಲೂ ದೀಪ ಇಡಬೇಡಿ. ಇನ್ನೊಂದು ಮಾತು ಹೆಂಗಸರಿಗೆ. ಮುಂದೆ ದೀಪ ಉರಿಯುತ್ತಿರುವಾಗ ಅದರ ಮೇಲಿಂದ ಬಾಗಿ ಹಿಂದಿನ ಪಟಕ್ಕೆ ಹೂ ಏರಿಸುವ ಅಭ್ಯಾಸ ಬಹಳ ಜನರಿಗಿದೆ. ಸೆರಗು, ದುಪಟ್ಟಾ ಹೊತ್ತಿಕೊಳ್ಳುವುದು ಆ ಗಳಿಗೆಯಲ್ಲೇ. ಹೂ, ಕುಂಕುಮ ಎಲ್ಲ ಮುಗಿದ ಮೇಲೆ ದೀಪ ಹಚ್ಚಿ.

ಇನ್ನು ಒಂಬತ್ತು ದಿನದ ದೀಪ. ಒಂದು ದೊಡ್ಡ ಹಿತ್ತಾಳೆ ಪರಾತವನ್ನೋ ಸ್ಟೀಲ್ ತಟ್ಟೆಯನ್ನೋ ತೆಗೆದುಕೊಂಡು ಎರಡು ಬೆರಳಿನಷ್ಟು ಮರಳು ತುಂಬಿ. ನಡುವೆ ದೀಪವನ್ನು ಅಲುಗದಂತೆ ಕೂರಿಸಿ. ತಳ ಅಗಲವಾಗಿರುವ ಕುಳ್ಳ ದೀಪವಿರಲಿ, ಎತ್ತರದ ಕಂಬದ ದೀಪ ಬೇಡ. ಸುತ್ತ ಗಾಜಿನ ಚಿಮಣಿ ಇಡಿ. ಮೇಲೆ ಬಾಯಿ ತೆರೆದಿರಬೇಕು, ಕೆಳಗೆ ಗಾಳಿ ಬರಲು ಸಂದಿರಬೇಕು, ಇಲ್ಲವಾದರೆ ದೀಪ ಹೊಗೆಯಾಡುತ್ತದೆ. ಚಿಮಣಿಯಿಂದ ಇನ್ನೊಂದು ಉಪಕಾರವಿದೆ. ಎಣ್ಣೆಯ ವಾಸನೆಗೆ ಬರುವ ಇಲಿ ಉರಿಯುತ್ತಿರುವ ಬತ್ತಿಯನ್ನೇ ಕಚ್ಚಿಕೊಂಡು ಓಡುವುದುಂಟು. ಹಳೆಯ ಮನೆಗಳಲ್ಲಿ ಇದನ್ನು ಕಂಡವರು ಬೇಕಾದಷ್ಟು ಜನರಿದ್ದಾರೆ. ಗಾಜು ಅದನ್ನೂ ತಡೆಯುತ್ತದೆ.

ಬತ್ತಿ ತೆಳ್ಳಗಿರಲಿ, ಎಣ್ಣೆಯಿಂದ ಹೊರಗೆ ಕಾಳಿನಷ್ಟೇ ಇಣುಕಲಿ. ದಪ್ಪ ಬತ್ತಿಯನ್ನು ಉದ್ದಕ್ಕೆ ಎಳೆದರೆ ಜ್ವಾಲೆ ದೊಡ್ಡದಾಗಿ ಲೋಹ ಕಾಯುತ್ತದೆ. ಎಣ್ಣೆ ತಳಕ್ಕಿಳಿದಾಗ ಅಪಾಯ ಹೆಚ್ಚು. ಉಳಿದ ನಾಲ್ಕು ಹನಿ ಬೇಗ ಕಾದು, ಬತ್ತಿ ತನ್ನುದ್ದಕ್ಕೂ ಹೊತ್ತಿಕೊಂಡು ದೀಪದ ಬಟ್ಟಲೇ ಉರಿಯತೊಡಗುತ್ತದೆ. ಜ್ವಾಲೆ ಇದ್ದಕ್ಕಿದ್ದಂತೆ ಅಗಲವಾಗಿ, ಹೊಗೆ ಕಪ್ಪಾದರೆ ಅದೇ ಗುರುತು. ಆಗ ಎಣ್ಣೆ ಸುರಿಯಲು ಹೋಗಬೇಡಿ, ತಟ್ಟೆ ಮುಚ್ಚಿ ತಣಿಯಲು ಬಿಡಿ. ದೀಪಕ್ಕೆ ಬಿದ್ದ ಹೂವಿನ ಎಸಳು, ಕಡ್ಡಿಯ ತುಂಡು ಕೂಡ ಎರಡನೆಯ ಬತ್ತಿಯಾಗುತ್ತದೆ, ಆಗಾಗ ತೆಗೆಯುತ್ತಿರಿ.

ರಾತ್ರಿಯ ವಿಷಯದಲ್ಲಿ ನಾನು ಮುಲಾಜಿಲ್ಲದೆ ಹೇಳುತ್ತೇನೆ: ಮನೆಮಂದಿಯೆಲ್ಲ ಮಲಗಿರುವಾಗ ತೆರೆದ ದೀಪ ಉರಿಯಬಾರದು. ಇದನ್ನು ಅತ್ತೆಯವರಿಗೆ ಹೇಳುವುದು ಹೇಗೆ ಎಂಬುದೇ ನಿಮ್ಮ ಕಷ್ಟ ಎಂದು ನನಗೆ ಗೊತ್ತು. “ದೀಪ ಬೇಡ” ಎಂದು ಆರಂಭಿಸಬೇಡಿ. ನಂದಾದೀಪದ ವ್ರತದಲ್ಲಿ ದೀಪ ಇಡುವುದರಷ್ಟೇ ದೀಪ ಕಾಯುವುದೂ ಸೇರಿದೆ; ಹಿಂದೆ ತುಂಬಿದ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಎದ್ದಿರುತ್ತಿದ್ದರು. “ಕಾಯುವವರು ಯಾರು, ಸರದಿ ಹಾಕಿಕೊಳ್ಳೋಣವೇ?” ಎಂದು ಅವರನ್ನೇ ಕೇಳಿ. ಸರದಿ ಸಾಧ್ಯವಾದರೆ ಬಹಳ ಸಂತೋಷ. ಸಾಧ್ಯವಿಲ್ಲವೆಂದು ಅವರಿಗೇ ತೋರಿದರೆ, ಮಲಗುವ ಮುನ್ನ ಹೂವಿನ ತೊಟ್ಟಿನಿಂದ ಬತ್ತಿಯನ್ನು ಎಣ್ಣೆಯೊಳಗೆ ಜಾರಿಸಿ ದೀಪ ಶಾಂತ ಮಾಡಿ, ಬೆಳಗಿನ ಜಾವ ಅವರ ಕೈಯಿಂದಲೇ ಮತ್ತೆ ಹಚ್ಚಿಸಿ. ರಾತ್ರಿಗೆ ಬೆಳಕು ಇರಲೇಬೇಕೆಂದರೆ ಸಣ್ಣ ಎಲ್‌ಇಡಿ ದೀಪ ಸಾಕು.

ಮಗನ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಮಗುವಿಗೆ “ಮುಟ್ಟಬೇಡ” ಎಂದು ಕಲಿಸಿ ನಂಬಿ ಕೂರುವಂತಿಲ್ಲ. ನೆಲದಲ್ಲಿಟ್ಟರೆ ಕೈಗೆ ಸಿಗುತ್ತದೆ, ಮೇಜಿನ ಮೇಲಿಟ್ಟರೆ ಮೇಜುಬಟ್ಟೆ ಸಿಗುತ್ತದೆ. ಪರಾತವನ್ನು ಬಾಗಿಲು ಹಾಕಬಹುದಾದ ಕೋಣೆಯಲ್ಲಿ, ಬಟ್ಟೆಯಿಲ್ಲದ ಕಲ್ಲಿನ ಕಟ್ಟೆಯ ಒಳ ಅಂಚಿಗೆ ಇಡಿ. ಅಡುಗೆಮನೆಯ ಕಟ್ಟೆಯೂ ಆದೀತು, ಒಲೆಯಿಂದ ದೂರವಿದ್ದು, ಮೇಲೆ ಕಪಾಟು ಇಲ್ಲದಿದ್ದರೆ. ದೀಪ ಶಾಂತವಾದ ಮೇಲೂ ಹಿತ್ತಾಳೆ ಬಹಳ ಹೊತ್ತು ಬಿಸಿಯಿರುತ್ತದೆ. ಉರಿ ಕಾಣದೆ ಮಗು ಹಿಡಿಯುವುದು ಆಗಲೇ.

ಇನ್ನೊಂದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಕರ್ಪೂರದ ಡಬ್ಬಿ ಎಲ್ಲಿದೆ? ಬಿಳಿಯ ಬಿಲ್ಲೆ ಮಗುವಿನ ಕಣ್ಣಿಗೆ ಕಲ್ಲುಸಕ್ಕರೆಯೇ. ಪೂಜೆಯ ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳಿಗೆ ಕೆಲವೇ ನಿಮಿಷಗಳಲ್ಲಿ ಸೆಳವು ಬರಬಹುದು. ತಿಂದಿದೆ ಎಂಬ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ, ಡಬ್ಬಿಯನ್ನೂ ಜೊತೆಗಿಟ್ಟುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ. ಡಬ್ಬಿ ಬೀಗವಿರುವ ಕಪಾಟಿನಲ್ಲಿರಲಿ.

ಊದುಬತ್ತಿಯನ್ನು ಬಾಳೆಹಣ್ಣಿಗೆ ಚುಚ್ಚುವ ರೂಢಿ ಬಿಡಿ, ಹಣ್ಣು ಮೆತ್ತಗಾದಂತೆ ಕಡ್ಡಿ ವಾಲುತ್ತದೆ. ಅದೇ ಮರಳಿನಲ್ಲಿ ನೆಟ್ಟಗೆ ನಿಲ್ಲಿಸಿ, ಬೂದಿಯೂ ಕಿಡಿಯೂ ಮರಳಿಗೇ ಬೀಳಲಿ. ಹತ್ತಿಯ ಬತ್ತಿಗಳ ಕಟ್ಟನ್ನು ಪಕ್ಕದಲ್ಲಿ ಇಡಬೇಡಿ. ಮೇಣದಬತ್ತಿ ಹಚ್ಚುವ ಮನೆಗಳಿಗೂ ಇದೇ ಮರಳು ಸಾಕು. ಪ್ಲಾಸ್ಟಿಕ್ ಮುಚ್ಚಳದ ಮೇಲೆ ಅಂಟಿಸಿದ ಮೇಣದಬತ್ತಿ ಕೊನೆಗೆ ಆ ಮುಚ್ಚಳವನ್ನೇ ಹೊತ್ತಿಸುತ್ತದೆ.

ಒಂದು ವೇಳೆ ಬಟ್ಟೆಗೆ ಬೆಂಕಿ ತಾಗಿದರೆ ಓಡಬಾರದು, ಓಡಿದರೆ ಉರಿ ಮುಖಕ್ಕೇರುತ್ತದೆ. ತಕ್ಷಣ ನೆಲಕ್ಕೆ ಮಲಗಿಸಿ ಉರುಳಿಸಿ, ದಪ್ಪ ಕಂಬಳಿ ಸುತ್ತಿ ನಂದಿಸಿ. ಆಮೇಲೆ ಸುಟ್ಟ ಜಾಗವನ್ನು ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮೈಯ ಉಳಿದ ಭಾಗ ಬೆಚ್ಚಗಿರಲಿ. ಬಳೆ, ಉಂಗುರ ಬೇಗ ತೆಗೆಯಿರಿ. ಅಂಟಿಕೊಂಡ ಬಟ್ಟೆಯನ್ನು ಕೀಳಬೇಡಿ. ತುಪ್ಪ, ಅರಿಸಿನ, ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದೂ ಬೇಡ. ಮಗುವಿನ ಸುಟ್ಟಗಾಯ ಅದರ ಅಂಗೈಗಿಂತ ಅಗಲವಿದ್ದರೆ, ಅಥವಾ ಮುಖ, ಕೈಗಳಲ್ಲಿದ್ದರೆ 108ಕ್ಕೆ ಕರೆ ಮಾಡಿ. ಬೆಂಕಿ ತಟ್ಟೆಯ ಅಳತೆ ಮೀರಿದರೆ ಎಲ್ಲರೂ ಹೊರಗೆ ಬಂದು 112ಕ್ಕೆ ತಿಳಿಸಿ.

ಮಹಾಲಯ ಅಮಾವಾಸ್ಯೆಗೆ ಮುಂಚೆ ಬಿಡುವಾದ ಒಂದು ಸಂಜೆ ಅತ್ತೆಯವರನ್ನು ಕೂರಿಸಿಕೊಂಡು ಪರಾತ, ಮರಳು, ಚಿಮಣಿ ಎಲ್ಲ ಜೋಡಿಸಿ ದೀಪ ಹಚ್ಚಿ ನೋಡಿ. ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕಿ, ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ನಿಮ್ಮ ಬತ್ತಿಗೆ ಒಂದು ಚಮಚ ಎಷ್ಟು ಹೊತ್ತು ಬರುತ್ತದೆಂದು ತಿಳಿದರೆ, ಎಣ್ಣೆ ತಳಕ್ಕಿಳಿಯುವ ಮೊದಲೇ ಯಾರು, ಯಾವ ಗಂಟೆಗೆ ಎರೆಯಬೇಕೆಂಬುದನ್ನು ನೀವಿಬ್ಬರೂ ಅಲ್ಲಿಯೇ ಕುಳಿತು ಗೊತ್ತುಮಾಡಬಹುದು.

— ಸಂಪಾದಕ