ಗಂಡನ ಜಮೀನು ವಿಧವೆಗೆ ಸ್ವಂತವೋ, ಬರೀ ಉಣ್ಣುವುದಕ್ಕೋ?

ಪ್ರಶ್ನೆ: ಗಂಡನಿಂದ ಬಂದ ಜಮೀನನ್ನು ವಿಧವೆ ಉಣ್ಣಬಹುದು, ಮಾರುವಂತಿಲ್ಲ ಅಂತ ನಮ್ಮಜ್ಜ ಹೇಳ್ತಿದ್ರು. ಮಿತಾಕ್ಷರದಲ್ಲೇ ಹಾಗಿದೆಯಾ?

ಉತ್ತರ: ಇಲ್ಲ. ನಿಮ್ಮಜ್ಜ ಹೇಳಿದ್ದು ಬ್ರಿಟಿಷರ ಕಾಲದ ಕೋರ್ಟುಗಳ ಕಾನೂನು. ಅದಕ್ಕೂ ಶಾಸ್ತ್ರದ ಆಧಾರವಿತ್ತು: ವಿಧವೆ ಬದುಕಿರುವವರೆಗೆ ಮಿತವಾಗಿ ಅನುಭವಿಸಲಿ, ಆಮೇಲೆ ವಾರಸುದಾರರಿಗೆ ಹೋಗಲಿ ಎಂದವನು ಸ್ಮೃತಿಕಾರ ಕಾತ್ಯಾಯನ. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರ ಬರೆದ ವ್ಯಾಖ್ಯಾನವಾದ ಮಿತಾಕ್ಷರದ ದಾರಿಯೇ ಬೇರೆ.

ಯಾಜ್ಞವಲ್ಕ್ಯ ಸ್ಮೃತಿ ಸ್ತ್ರೀಧನವನ್ನು ಎಣಿಸುವಾಗ ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು ಎನ್ನುತ್ತಾ ಹೋಗಿ ಕೊನೆಗೆ 'ಆದ್ಯ', ಅಂದರೆ 'ಮೊದಲಾದುವು', ಎಂದು ಬಿಡುತ್ತದೆ. ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಬರೆದ ವಿಜ್ಞಾನೇಶ್ವರ ಆ ಒಂದು ಪದದೊಳಗೆ ವಾರಸಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವನ್ನೂ ಸೇರಿಸಿದ. ಸ್ತ್ರೀಧನ ಪಾರಿಭಾಷಿಕ ಪದವಲ್ಲ, ಹೆಣ್ಣಿನದಾದ ಧನವೆಲ್ಲ ಸ್ತ್ರೀಧನವೇ ಎಂಬುದು ಅವನ ವಾದ. ಆದರೆ ವಿಧವೆಗೆ ವಾರಸು ಬರಬೇಕಾದರೆ ಗಂಡ ಅಣ್ಣತಮ್ಮಂದಿರಿಂದ ಪಾಲಾಗಿರಬೇಕು, ಗಂಡುಸಂತಾನ ಇರಬಾರದು. ಕೂಡುಕುಟುಂಬದಲ್ಲಿ ಅವಳಿಗೆ ಜೀವನಾಂಶ ಮಾತ್ರ.

ವ್ಯಾಪಾರದಲ್ಲಿ ಶಾಸ್ತ್ರದ ಕೈ ಇನ್ನೂ ಬಿಗಿ. ಕಸುಬಿನಿಂದ ಹೆಂಡತಿ ಗಳಿಸಿದ್ದರ ಮೇಲೆ ಕಾತ್ಯಾಯನ ಗಂಡನಿಗೆ ಅಧಿಕಾರ ಕೊಟ್ಟ. ಆದರೆ ಗೊಲ್ಲರು, ಹೆಂಡ ಮಾರುವವರು, ಅಗಸರಂಥವರ ಹೆಂಡತಿಯರು ಮಾಡಿದ ಸಾಲವನ್ನು ಗಂಡನೇ ತೀರಿಸಬೇಕೆಂದು ಯಾಜ್ಞವಲ್ಕ್ಯ ಹೇಳುತ್ತಾನೆ. ಆ ಮನೆಗಳ ಬದುಕು ನಡೆಯುವುದೇ ಹೆಂಗಸರ ದುಡಿಮೆಯಿಂದ ಎಂಬುದು ಕಾರಣ.

1867ರಲ್ಲಿ, ಆಗ ಇಲ್ಲಿನ ಮೊಕದ್ದಮೆಗಳಿಗೆ ಕೊನೆಯ ಮೇಲ್ಮನವಿಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಭಗವಾನ್‌ದೀನ್ ದುಬೆ ಪ್ರಕರಣದಲ್ಲಿ, ಗಂಡನಿಂದ ವಾರಸಾಗಿ ಬಂದದ್ದು ಸ್ತ್ರೀಧನವಲ್ಲ ಎಂದು ತೀರ್ಪು ಕೊಟ್ಟಿತು. ಇದರ ಪರಿಣಾಮ ಒಂದು ಲೆಕ್ಕದಲ್ಲಿ ಕಾಣುತ್ತದೆ. ಪಾಲಾದವನೊಬ್ಬ ನಾಲ್ಕು ಎಕರೆ ಬಿಟ್ಟು ಸತ್ತ ಅನ್ನಿ. ಗಂಡುಮಕ್ಕಳಿಲ್ಲ. ಹೆಂಡತಿ ಒಂದು ಎಕರೆ ಮಾರಿದಳು. ಅವಳ ಕಣ್ಣೆದುರೇ ಮಗಳು ತೀರಿಕೊಂಡಳು, ಮಗಳ ಮಗಳು ಉಳಿದಳು. ಮಿತಾಕ್ಷರದ ಪ್ರಕಾರ ಅಜ್ಜಿ ಸತ್ತಾಗ ಉಳಿದ ಮೂರು ಎಕರೆ ಮೊಮ್ಮಗಳದು, ಏಕೆಂದರೆ ಸ್ತ್ರೀಧನ ಇಳಿಯುವುದು ಮೊದಲು ಹೆಣ್ಣುಸಂತಾನಕ್ಕೆ. ಕೋರ್ಟಿನ ಲೆಕ್ಕದಲ್ಲಿ ಜಮೀನು ಮತ್ತೆ ಗಂಡನ ವಾರಸುದಾರರಿಗೆ, ಇಲ್ಲಿ ಅವನ ತಮ್ಮನಿಗೆ ಹೋಗುತ್ತಿತ್ತು. ಮಾರಿದ ಎಕರೆಗೂ ಅವನು ದಾವೆ ಹಾಕಬಹುದಿತ್ತು. ಸಾಲ, ಶ್ರಾದ್ಧದಂಥ ಅವಶ್ಯಕತೆಗೆ ಮಾರಿದ್ದೆಂದು ಕೊಂಡವನು ತೋರಿಸದಿದ್ದರೆ ಜಮೀನು ಕೈಬಿಡುತ್ತಿತ್ತು. ವಿಧವೆಯರಿಗೆ ಒಳ್ಳೆಯ ಬೆಲೆ ಸಿಗದಿದ್ದುದಕ್ಕೆ ಇದೂ ಒಂದು ಕಾರಣ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು ಅವಳನ್ನು ಪೂರ್ಣ ಮಾಲೀಕಳನ್ನಾಗಿ ಮಾಡಿತು. ವಾರಸು, ಪಾಲು, ಖರೀದಿ ಎಂದು ಅದರ ವಿವರಣೆ ಎಣಿಸುವುದನ್ನು ಓದಿದರೆ ವಿಜ್ಞಾನೇಶ್ವರನ ಪಟ್ಟಿಯೇ ನೆನಪಾಗುತ್ತದೆ. ಈಗ ಮಾರಲು ಅಡ್ಡಿಯಿಲ್ಲ, ಮೊಮ್ಮಗಳಿಗೂ ವಾರಸು ಉಂಟು. ಆದರೆ 15ನೇ ಕಲಮಿನಲ್ಲಿ ಹಳೆಯ ಜಾಡು ಉಳಿದಿದೆ: ಮಕ್ಕಳು ಮೊಮ್ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ಸತ್ತರೆ, ಗಂಡನಿಂದ ಬಂದ ಜಮೀನು ಇಂದಿಗೂ ಅವನ ವಾರಸುದಾರರಿಗೇ. ತಂಗಿಗೋ ಅಣ್ಣನ ಮಗಳಿಗೋ ಕೊಡಬೇಕೆಂದಿದ್ದರೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಉಯಿಲು ಬರೆದಿಡಬೇಕು.